ಪೆಟ್ಟಿಗೆ ಹತ್ತಿದವನ ಎದುರು ಕಲ್ಲಾಗುವ ವೈರಿ

ವಿಡಿಯೋ ಗೇಮ್ ಆಡುವ ಹುಡುಗರಿಗೆ ಒಂದು ಕಳ್ಳದಾರಿ ಚೆನ್ನಾಗಿ ಗೊತ್ತು. ಕತ್ತಿ ಹಿಡಿದ ವೈರಿ ಅಟ್ಟಿಸಿಕೊಂಡು ಬಂದರೆ ಹತ್ತಿರದ ಪೆಟ್ಟಿಗೆಗಳ ರಾಶಿಯ ಮೇಲೆ ಹಾರಿ ನಿಂತುಬಿಡುವುದು. ಕೆಳಗಿನವನು ಇದ್ದಲ್ಲೇ ನಿಲ್ಲುತ್ತಾನೆ. ಮೇಲಿನಿಂದ ಬಾಣದ ಮೇಲೆ ಬಾಣ ಬಿಟ್ಟರೂ ಓಡುವುದಿಲ್ಲ, ಅಡಗುವುದಿಲ್ಲ, ಸಾಯುವ ತನಕ ಮುಖ ನೋಡುತ್ತಾ ನಿಂತಿರುತ್ತಾನೆ. ಆಡುವವರು ನಗುತ್ತಾರೆ. ಆಟ ಕಟ್ಟಿದವರಿಗೆ ನಗು ಬರುವುದಿಲ್ಲ. ಆ ವೈರಿ ಅವರು ಬರೆದುಕೊಟ್ಟದ್ದನ್ನು ಅಕ್ಷರಶಃ ಪಾಲಿಸುತ್ತಿರುತ್ತಾನೆ.

ಬರೆದುಕೊಟ್ಟದ್ದು ಎಂದರೆ ಸಾಮಾನ್ಯವಾಗಿ ಒಂದು ‘ಬಿಹೇವಿಯರ್ ಟ್ರೀ’, ಅಂದರೆ ವೈರಿ ಯಾವಾಗ ಏನು ಮಾಡಬೇಕು ಎಂಬುದರ ಕವಲು ಕವಲಾದ ಪಟ್ಟಿ. 2004ರಲ್ಲಿ ಬಂಗಿ ಕಂಪನಿ ಹೊರತಂದ ‘ಹೇಲೋ 2’ ಆಟದ ವೈರಿಗಳ ಬುದ್ಧಿಯನ್ನು ಹೇಗೆ ಕಟ್ಟಿದೆವು ಎಂದು ಡೇಮಿಯನ್ ಇಸ್ಲಾ ಮರುವರ್ಷ ಗೇಮ್ ಡೆವಲಪರ್ಸ್ ಕಾನ್ಫರೆನ್ಸ್‌ನಲ್ಲಿ ವಿವರಿಸಿದ ಮೇಲೆ ಈ ವಿಧಾನ ಉದ್ಯಮದಲ್ಲಿ ಹಬ್ಬಿತು. ಈಗ ಅನ್‌ರಿಯಲ್ ಎಂಜಿನ್‌ನಲ್ಲಿ ಇದು ಮೊದಲಿನಿಂದಲೇ ಜೊತೆಗೆ ಬರುತ್ತದೆ.

ಮರದ ಪ್ರತಿ ಗಂಟನ್ನೂ ನೋಡ್ ಎನ್ನುತ್ತಾರೆ. ಕೆಲಸ ಕೊಟ್ಟಾಗ ನೋಡ್ ಕೊಡುವ ಉತ್ತರ ಮೂರೇ: ಆಯಿತು, ಆಗಲಿಲ್ಲ, ಇನ್ನೂ ನಡೆಯುತ್ತಿದೆ. ನಮ್ಮ ಕತ್ತಿಯವನ ಮರದಲ್ಲಿ ಮೂರು ಕೆಲಸಗಳು ಸಾಲಾಗಿವೆ ಎನ್ನಿ. ಆಟಗಾರ ಕಾಣುತ್ತಿದ್ದಾನೆಯೇ ನೋಡು, ಅವನ ಬಳಿಗೆ ನಡೆ, ಕತ್ತಿ ಬೀಸು. ಇವನ್ನು ಕಟ್ಟಿಹಾಕಿರುವುದು ‘ಸೀಕ್ವೆನ್ಸ್’ ಎಂಬ ನೋಡ್. ಒಂದು ಮುಗಿದರೆ ಮಾತ್ರ ಮುಂದಿನದು. ನಡುವೆ ಯಾವುದೇ ಒಂದು ‘ಆಗಲಿಲ್ಲ’ ಎಂದರೂ ಇಡೀ ಸಾಲು ಅಲ್ಲಿಗೇ ಬಿತ್ತು.

ಈಗ ಆಟಗಾರ ಪೆಟ್ಟಿಗೆ ಹತ್ತಿದ. ವೈರಿ ಕಾಲಿಡಬಹುದಾದ ನೆಲವನ್ನೆಲ್ಲ ಎಂಜಿನ್ ಒಂದು ಅದೃಶ್ಯ ಚಾಪೆಯಂತೆ ಮೊದಲೇ ಗುರುತಿಸಿಟ್ಟಿರುತ್ತದೆ. ಅದರ ಹೆಸರು ನ್ಯಾವ್‌ಮೆಶ್. ಪೆಟ್ಟಿಗೆಯ ತಲೆ ಆ ಚಾಪೆಗೆ ಸೇರಿಲ್ಲ. ಆಟಗಾರ ಕಣ್ಣಿಗೆ ಕಾಣುತ್ತಾನೆ, ಹಾಗಾಗಿ ಮೊದಲ ನೋಡ್ ‘ಆಯಿತು’ ಎನ್ನುತ್ತದೆ. ನಡೆಯಬೇಕಾದ ನೋಡ್ ದಾರಿ ಹುಡುಕಿ, ಸಿಗದೆ, ‘ಆಗಲಿಲ್ಲ’ ಎನ್ನುತ್ತದೆ. ಸಾಲು ಬಿತ್ತು. ಮರ ಬೇರಿನಿಂದ ಮತ್ತೆ ಶುರು: ಕಂಡ, ದಾರಿಯಿಲ್ಲ, ಬಿತ್ತು. ಸೆಕೆಂಡಿಗೆ 60 ಚಿತ್ರ ಮೂಡಿಸುವ ಆಟದಲ್ಲಿ ಇದು ಸೆಕೆಂಡಿಗೆ 60 ಸಲದವರೆಗೂ ನಡೆಯಬಹುದು. ನಮಗೆ ಕಾಣುವುದು ಅಲ್ಲಾಡದ ಗೊಂಬೆ; ಒಳಗೆ ಬಿಡುವಿಲ್ಲದ ವಿಫಲ ಯತ್ನ.

ಹೊಸಬರು ಇದಕ್ಕೆ ಹಚ್ಚುವ ಮೊದಲ ಮದ್ದು ಸುಳ್ಳು ಹೇಳಿಸುವುದು. ‘ಫೋರ್ಸ್ ಸಕ್ಸೆಸ್’ ಎಂಬ ತಗುಲಿಕೆಯೊಂದಿದೆ. ಅದನ್ನು ನಡಿಗೆಯ ನೋಡ್‌ಗೆ ಅಂಟಿಸಿದರೆ ಸೋತರೂ ‘ಆಯಿತು’ ಎನ್ನುತ್ತದೆ. ಆಗ ಸಾಲು ಮುಂದುವರಿಯುತ್ತದೆ ನಿಜ, ಆದರೆ ಮುಂದಿನದು ಕತ್ತಿ ಬೀಸುವ ಕೆಲಸ. ವೈರಿ ಹತ್ತು ಮಾರು ದೂರದಲ್ಲೇ ನಿಂತು ಗಾಳಿಯನ್ನು ಕಡಿಯತೊಡಗುತ್ತಾನೆ. ಕಲ್ಲಾಗಿದ್ದವನು ಕೋಡಂಗಿಯಾದ, ಅಷ್ಟೇ.

ಸರಿಯಾದ ಮದ್ದು ‘ಸೆಲೆಕ್ಟರ್’. ಇದು ಸೀಕ್ವೆನ್ಸ್‌ಗೆ ತದ್ವಿರುದ್ಧ. ಮೊದಲ ಮಗು ‘ಆಗಲಿಲ್ಲ’ ಎಂದರೆ ಎರಡನೆಯದನ್ನು ಕೇಳುತ್ತದೆ, ಅದೂ ಸೋತರೆ ಮೂರನೆಯದನ್ನು. ಯಾವುದಾದರೂ ಒಂದು ‘ಆಯಿತು’ ಎಂದ ಕೂಡಲೇ ಅಲ್ಲಿಗೆ ನಿಲ್ಲುತ್ತದೆ. ಸೋಲು ಇಲ್ಲಿ ಕೊನೆಯಲ್ಲ, ಮುಂದಿನ ಬಾಗಿಲಿಗೆ ಸೂಚನೆ. ಕತ್ತಿಯವನ ಮರವನ್ನು ಹೀಗೆ ತಿದ್ದಬಹುದು:

```
Selector
  Sequence: SeePlayer -> MoveTo -> Attack
  Sequence: SeePlayer -> HasStone -> Throw
  Sequence: FindCover -> MoveTo
  Wait 1.0
```

ಪೆಟ್ಟಿಗೆಯ ಮೇಲಿನವನ ಬಳಿ ಹೋಗಲು ದಾರಿಯಿಲ್ಲ. ಮೊದಲ ಸಾಲು ಬಿತ್ತು. ಎರಡನೆಯದಕ್ಕೆ ದಾರಿ ಬೇಕಿಲ್ಲ. ಕಣ್ಣಿಗೆ ಕಂಡರೆ, ಕೈಯಲ್ಲಿ ಕಲ್ಲಿದ್ದರೆ ಸಾಕು, ಬೀಸಿ ಒಗೆಯುತ್ತಾನೆ. ಕಲ್ಲು ಮುಗಿಯಿತೇ? ಮೂರನೆಯದು ಬಾಣ ತಾಗದ ಮರೆ ಹುಡುಕಿ ಅತ್ತ ಓಡಿಸುತ್ತದೆ. ಮರೆಯೂ ಇಲ್ಲದ ಬಯಲಾದರೆ ಕೊನೆಯ ನೋಡ್ ಒಂದು ಸೆಕೆಂಡು ಕಾಯುತ್ತದೆ. ಕಾಯುವುದು ಸೋಲಲಾರದ ಕೆಲಸ, ಅದಕ್ಕೇ ಅದು ಕೊನೆಯಲ್ಲಿದೆ. ಆ ಹೊತ್ತಿನಲ್ಲಿ ಗುರಾಣಿ ಎತ್ತಿ ಹಿಂದೆ ಸರಿಯುವ ಚಲನೆ ಜೋಡಿಸಿದರೆ ನೋಡುವವರಿಗೆ ಅದೂ ಯೋಚನೆಯಂತೆಯೇ ಕಾಣುತ್ತದೆ. ಅದೇ ನೋಡನ್ನು ಅಪ್ಪಿತಪ್ಪಿ ಮೇಲಕ್ಕೆ ಇಟ್ಟಿರೋ, ಅದು ಪ್ರತಿ ಸಲವೂ ಗೆದ್ದು ಕೆಳಗಿನವರ ಸರದಿಯೇ ಬರುವುದಿಲ್ಲ.

ಇಲ್ಲೊಂದು ಖರ್ಚಿನ ಮಾತಿದೆ, ಕಲಿಸುವವರು ಸಾಮಾನ್ಯವಾಗಿ ದಾಟಿಸಿಬಿಡುತ್ತಾರೆ. ಕಲ್ಲು ಎಸೆದಾದ ಮೇಲೆ ಮರ ಮತ್ತೆ ಬೇರಿನಿಂದ ಶುರುವಾಗಿ ಮೊದಲ ಸಾಲನ್ನೇ ಕೇಳುತ್ತದೆ, ಅಂದರೆ ಮತ್ತೆ ದಾರಿ ಹುಡುಕಬೇಕು. ಇರುವ ದಾರಿಯನ್ನು ಹುಡುಕುವುದಕ್ಕಿಂತ ಇಲ್ಲದ ದಾರಿಯನ್ನು ಹುಡುಕುವುದು ಕಂಪ್ಯೂಟರಿಗೆ ದುಬಾರಿ. ದಾರಿಯಿದ್ದರೆ ಗುರಿ ಮುಟ್ಟಿದಲ್ಲಿ ಹುಡುಕಾಟ ನಿಲ್ಲುತ್ತದೆ. ಇಲ್ಲದಿದ್ದರೆ ಕಾಲಿಡಬಹುದಾದ ನೆಲವನ್ನೆಲ್ಲ ಜಾಲಾಡಿದ ಮೇಲೆಯೇ ‘ಇಲ್ಲ’ ಎನ್ನಲು ಸಾಧ್ಯ. ಇಪ್ಪತ್ತು ವೈರಿಗಳು ಒಟ್ಟಿಗೆ ಹೀಗೆ ಮಾಡಿದರೆ ಆಟವೇ ತಡವರಿಸಬಹುದು. ಅದಕ್ಕೆ ಮೊದಲ ಸಾಲಿಗೆ ‘ಕೂಲ್‌ಡೌನ್’ ತಗುಲಿಸುತ್ತಾರೆ: ಒಮ್ಮೆ ಸೋತರೆ ಎರಡು ಮೂರು ಸೆಕೆಂಡು ಆ ಕಡೆ ತಿರುಗಿಯೂ ನೋಡಬೇಡ. ಒಂದು ಹೆಜ್ಜೆ ಮುಂದೆ, ಒಂದು ಹೆಜ್ಜೆ ಹಿಂದೆ ಎಂದು ಎರಡು ಸಾಲುಗಳ ನಡುವೆ ತೂರಾಡುವ ವೈರಿಗಳಿಗೂ ಇದು ಒಳ್ಳೆಯ ಲಗಾಮು.

ಆದರೆ ಸೆಲೆಕ್ಟರ್ ಕೈಲಾಗದ ಒಂದು ಜಡತ್ವವೂ ಇದೆ. ಅದು ಕದಲುವುದು ‘ಆಗಲಿಲ್ಲ’ ಎಂಬ ಮಾತು ಕೇಳಿದರೆ ಮಾತ್ರ. ಒಂದು ನೋಡ್ ‘ನಡೆಯುತ್ತಿದೆ’ ಎಂದೇ ಹೇಳುತ್ತಾ ಕೂತರೆ ಸೆಲೆಕ್ಟರ್ ಅದನ್ನು ನಂಬಿ ಕಾಯುತ್ತದೆ, ಆಟ ಮುಗಿಯುವ ತನಕ. ಅನ್‌ರಿಯಲ್‌ನಲ್ಲಿ ಬ್ಲೂಪ್ರಿಂಟ್ ಮೂಲಕ ಸ್ವಂತ ಕೆಲಸ ಬರೆಯುವವರು ಕೊನೆಯಲ್ಲಿ `Finish Execute` ಕರೆಯಲು ಮರೆತರೆ ಆಗುವುದು ಇದೇ. ಕಲ್ಲೆಸೆಯುವ ಹಾದಿಯಲ್ಲಿ ಕರೆದು, ಕಲ್ಲಿಲ್ಲದ ಹಾದಿಯಲ್ಲಿ ಬಿಟ್ಟುಹೋಗುವುದು ತೀರಾ ಸಾಮಾನ್ಯ. ಹೊರಗಿನಿಂದ ನೋಡಿದರೆ ಎರಡೂ ರೋಗದ ಲಕ್ಷಣ ಒಂದೇ: ಗೊಂಬೆ ಅಲ್ಲಾಡುತ್ತಿಲ್ಲ.

ಬೇರ್ಪಡಿಸುವುದು ಕಷ್ಟವಲ್ಲ. ಎಡಿಟರ್‌ನಲ್ಲಿ ಆಟ ಓಡಿಸಿ ಪಕ್ಕದಲ್ಲಿ ಮರವನ್ನು ತೆರೆದಿಡಿ. ಆ ಕ್ಷಣದಲ್ಲಿ ಕೆಲಸ ಮಾಡುತ್ತಿರುವ ಕೊಂಬೆ ಬಣ್ಣ ಬದಲಿಸಿ ಕಾಣುತ್ತದೆ. ಆ ಬಣ್ಣ ಬೇರಿನ ಹತ್ತಿರ ಪಟಪಟ ಮಿಟುಕುತ್ತಿದ್ದರೆ ನೋಡ್ ಸೋಲುತ್ತಿದೆ, ಸೆಲೆಕ್ಟರ್ ಬೇಕು. ಒಂದೇ ನೋಡ್ ಮೇಲೆ ಕದಲದೆ ಕೂತಿದ್ದರೆ ಆ ನೋಡ್ ಉತ್ತರವನ್ನೇ ಕೊಡುತ್ತಿಲ್ಲ. ಆಗ ಬೇಕಾದದ್ದು ತಪ್ಪಿದ `Finish Execute`. ಜೊತೆಗೆ ಮುಂಜಾಗ್ರತೆಗೆ `Time Limit`, ಅಂದರೆ ಇಷ್ಟು ಸೆಕೆಂಡಿನಲ್ಲಿ ಮುಗಿಯದಿದ್ದರೆ ಸೋತಂತೆ ಎಂಬ ಗಡುವು. ಗಡುವು ಮೀರಿದಾಗ ‘ಆಗಲಿಲ್ಲ’ ಎಂಬ ಉತ್ತರ ಹುಟ್ಟುತ್ತದೆ, ಸೆಲೆಕ್ಟರ್ ಕೆಲಸಕ್ಕೆ ಇಳಿಯುತ್ತದೆ.

ಪರ್ಯಾಯಗಳು ತಪ್ಪನ್ನು ಮುಚ್ಚಿಡುವುದೂ ಉಂಟು. ಹಂತ ವಿನ್ಯಾಸ ಮಾಡುವವರು ಬಾಗಿಲ ಬಳಿ ಒಂದು ಪೀಪಾಯಿ ಸರಿಸಿದ್ದರಿಂದ ನ್ಯಾವ್‌ಮೆಶ್ ಎರಡು ತುಂಡಾಗಿರಬಹುದು. ಮೊದಲಾಗಿದ್ದರೆ ವೈರಿಗಳೆಲ್ಲ ಕಲ್ಲಾಗಿ ನಿಂತು, ಪರೀಕ್ಷೆ ಮಾಡುವವರ ಕಣ್ಣಿಗೆ ಅದೇ ದಿನ ಬೀಳುತ್ತಿತ್ತು. ಈಗ ಅವರು ವಿಧೇಯವಾಗಿ ಕಲ್ಲೆಸೆಯುತ್ತಾರೆ, ಯಾರಿಗೂ ಅನುಮಾನ ಬರುವುದಿಲ್ಲ. ಹೀಗಾಗಿ ಕೆಳಗಿನ ಸಾಲುಗಳಿಗೆ ಇಳಿದಾಗಲೆಲ್ಲ ಯಾವ ಜಾಗದಲ್ಲಿ, ಯಾವ ನೋಡ್ ಸೋತು ಇಳಿಯಿತು ಎಂದು ಲಾಗ್‌ನಲ್ಲಿ ಬರೆಸಿಡಬೇಕು. ಒಂದೇ ಬಾಗಿಲ ಹೆಸರು ಮತ್ತೆ ಮತ್ತೆ ಬರುತ್ತಿದ್ದರೆ ಮರವನ್ನು ಮುಟ್ಟಬೇಡಿ, ಮೊದಲು ಆ ಬಾಗಿಲ ಬಳಿಯ ನೆಲವನ್ನು ನೋಡಿ.