ಏಳು ಕಿಲೋಮೀಟರಿನಲ್ಲಿ ಭೂಮಿ ಸುತ್ತು

ಹಲಸೂರಿನಿಂದ ಹಳೇ ಮದ್ರಾಸ್ ರಸ್ತೆ ಹಿಡಿದು ಕೆ.ಆರ್. ಪುರದ ತೂಗು ಸೇತುವೆಗೆ ಹತ್ತಿರ ಹತ್ತಿರ ಏಳು ಕಿಲೋಮೀಟರ್. ಸಂಜೆಯ ದಟ್ಟಣೆಯಲ್ಲಿ ಇದಕ್ಕೆ 40 ನಿಮಿಷ ಹಿಡಿಯಿತು ಎಂದಿಟ್ಟುಕೊಳ್ಳಿ. ಕಾರಿನ ನೆತ್ತಿಯ ಮೇಲೆ 16 ಕಿರಣಗಳ ಲೈಡಾರ್ ಒಂದು, ಮುಂದೆ ಕ್ಯಾಮೆರಾ ಒಂದು. ಲೈಡಾರ್ ಸೆಕೆಂಡಿಗೆ ಹತ್ತು ಸುತ್ತು ತಿರುಗಿ, ಸುಮಾರು ಮೂರು ಲಕ್ಷ ಬಿಂದುಗಳ ದೂರ ಅಳೆಯುತ್ತದೆ. ಸೇತುವೆ ಮುಟ್ಟುವಷ್ಟರಲ್ಲಿ 72 ಕೋಟಿ ಬಿಂದುಗಳು. ಕ್ಯಾಮೆರಾದ ಪೂರ್ಣ ಎಚ್‌ಡಿ ಚಿತ್ರವೊಂದಕ್ಕೆ, ಕುಗ್ಗಿಸದಿದ್ದರೆ, 62 ಲಕ್ಷ ಬೈಟ್. ಸೆಕೆಂಡಿಗೆ 30ರಂತೆ 72,000 ಚಿತ್ರಗಳು, ಅಂದರೆ ಸುಮಾರು 448 ಗಿಗಾಬೈಟ್.

ಇಷ್ಟನ್ನೂ ಯಾಕೆ ಕೂಡಿಡಬೇಕು? ರೋಬೋ ವಾಹನದ ಕೋಡ್‌ನಲ್ಲಿ ಒಂದು ಸಾಲು ಬದಲಾದಾಗಲೆಲ್ಲ ಕಾರನ್ನು ಮತ್ತೆ ಹಲಸೂರಿಗೆ ಒಯ್ಯುವುದು ಆಗದ ಮಾತು. ಒಯ್ದರೂ ಅದೇ ಬಸ್ಸು, ಅದೇ ಆಟೋ, ಅದೇ ಬೆಳಕು ಮತ್ತೆ ಸಿಗುವುದಿಲ್ಲ. ಅದಕ್ಕೇ ಆವತ್ತಿನ ಓಟವನ್ನು ಬ್ಯಾಗ್ ಫೈಲಿನಲ್ಲಿ ಇಟ್ಟುಕೊಂಡು, ಹೊಸ ಕೋಡ್‌ನ ಮುಂದೆ ಮತ್ತೆ ಓಡಿಸುತ್ತಾರೆ:

```
ros2 bag play halasuru_krpuram --clock
```

ಕೊನೆಯ `--clock` ಆವತ್ತಿನ ಗಡಿಯಾರವನ್ನೂ ಓಡಿಸುತ್ತದೆ. `use_sim_time` ಹಾಕಿಕೊಂಡ ಪ್ರೋಗ್ರಾಮಿಗೆ ಈಗಿನ ಸಮಯ ಗೊತ್ತೇ ಆಗುವುದಿಲ್ಲ. ತಾನು ಆ ಸಂಜೆಯ ರಸ್ತೆಯಲ್ಲೇ ಇದ್ದೇನೆಂದು ಅದು ಲೆಕ್ಕ ಮಾಡುತ್ತದೆ.

ಈಗ ಒಂದು ಆಟೋ ನೋಡೋಣ. 30 ಮೀಟರ್ ದೂರದಲ್ಲಿ ಅದು ನಿಂತಿದೆ, ಅಗಲ 1.3 ಮೀಟರ್, ಎತ್ತರ 1.7. ಲೈಡಾರಿನ ಕಿರಣಗಳ ನಡುವೆ ಮೇಲಿಂದ ಕೆಳಕ್ಕೆ ಎರಡು ಡಿಗ್ರಿ ಅಂತರ. ಅಷ್ಟು ದೂರಕ್ಕೆ ಹೋಗುವಷ್ಟರಲ್ಲಿ ಅದು ಒಂದು ಮೀಟರಿಗೂ ತುಸು ಹೆಚ್ಚಾಗುತ್ತದೆ. ಹಾಗಾಗಿ ಆಟೋ ಮೇಲೆ ಕೆಲವೊಮ್ಮೆ ಒಂದೇ ಗೆರೆ ಬೀಳುತ್ತದೆ, ಅದರಲ್ಲಿ ಸುಮಾರು 12 ಬಿಂದು. ಒಂದು ಸುತ್ತಿನ 30,000 ಬಿಂದುಗಳಲ್ಲಿ ಇಡೀ ಆಟೋ ಎಂದರೆ ಈ ಹನ್ನೆರಡೇ.

ದೂಳು, ಹೊಗೆಯನ್ನು ವಸ್ತುವೆಂದು ತಪ್ಪು ತಿಳಿಯದಿರಲಿ ಎಂದು, ಒಬ್ಬ ಎಂಜಿನಿಯರ್, ಬಿಂದುಗಳ ಗುಂಪನ್ನು ವಸ್ತುವೆಂದು ಒಪ್ಪಲು ಬೇಕಾದ ಕನಿಷ್ಠ ಸಂಖ್ಯೆಯನ್ನು 10ರಿಂದ 15ಕ್ಕೆ ಏರಿಸುತ್ತಾರೆ. ಒಳ್ಳೆಯ ಉದ್ದೇಶವೇ. ಆದರೆ ನಮ್ಮ ಆಟೋ ಮಾಯವಾಯಿತು! 24 ಮೀಟರಿನ ಹತ್ತಿರ ಬಂದಾಗ ಎರಡು ಗೆರೆಗಳು ಬಿದ್ದು 30 ಬಿಂದುಗಳಾಗುತ್ತವೆ, ಆಗ ಮತ್ತೆ ಕಾಣುತ್ತದೆ. ಕಾರು ಗಂಟೆಗೆ 36 ಕಿಲೋಮೀಟರಿನಲ್ಲಿದ್ದರೆ ನಡುವಿನ ಆರು ಮೀಟರ್ ಎಂದರೆ 0.6 ಸೆಕೆಂಡ್. ಕೋಡ್ ಓದಿದವರ ಕಣ್ಣಿಗೆ ಇದು ಬೀಳುವುದಿಲ್ಲ. ‘ಈ ಆಟೋ 28 ಮೀಟರಿಗೆ ಮೊದಲೇ ಕಾಣಬೇಕು’ ಎಂದು ಬರೆದಿಟ್ಟ ಪರೀಕ್ಷೆ ಕೆಂಪು ತೋರಿಸಿ, ಆ ಬದಲಾವಣೆಯನ್ನು ಬಾಗಿಲಲ್ಲೇ ತಡೆಯುತ್ತದೆ.

ಪ್ರತಿ ಬದಲಾವಣೆಗೂ 40 ನಿಮಿಷ ಕಾಯುವುದು ಹೇಗೆ? ಓಟವನ್ನು 20 ಸೆಕೆಂಡಿನ 120 ತುಣುಕು ಮಾಡುತ್ತಾರೆ. ತಾನು ಎಲ್ಲಿದ್ದೇನೆಂದು ಪ್ರೋಗ್ರಾಮಿಗೆ ಅಂದಾಜು ಸಿಗಲು ಪ್ರತಿ ತುಣುಕಿಗೂ ಹಿಂದಿನ 10 ಸೆಕೆಂಡ್ ಸೇರಿಸುತ್ತಾರೆ. ಒಟ್ಟು ಒಂದು ಗಂಟೆಯ ಕೆಲಸವಾಯಿತು, ಆದರೆ 120 ಯಂತ್ರಗಳು ಒಟ್ಟಿಗೆ ಓಡಿದರೆ ಅರ್ಧ ನಿಮಿಷಕ್ಕೆ ಮುಗಿಯಿತು. ದಿನಕ್ಕೆ 20 ಬದಲಾವಣೆ, ವರ್ಷಕ್ಕೆ 300 ದಿನ ಎಂದರೆ ಅದೇ ರಸ್ತೆ 6,000 ಸಲ. ಅದು 42,000 ಕಿಲೋಮೀಟರ್, ಭೂಮಿಯ ಸುತ್ತಳತೆಗಿಂತ ಹೆಚ್ಚು. ಕಾರು ಮಾತ್ರ ಒಂದೇ ಸಲ ಹೋಗಿತ್ತು.

ಇಷ್ಟಾದರೂ ಪರೀಕ್ಷೆಯೇ ಸುಳ್ಳು ಹೇಳಬಹುದು. ಯಂತ್ರಕ್ಕೆ ಕೆಲಸ ಹೆಚ್ಚಾದಾಗ ಕೆಲವು ಸುತ್ತುಗಳು ಬಿಟ್ಟುಹೋಗಿ, ಕೋಡ್ ಬದಲಾಗದೆಯೂ ಉತ್ತರ ಬದಲಾಗುತ್ತದೆ. ಕಂಡುಹಿಡಿಯುವುದು ಸುಲಭ: ಅದೇ ಕೋಡ್, ಅದೇ ತುಣುಕು, ಹತ್ತು ಸಲ ಓಡಿಸಿ. ಆಟೋ ಒಮ್ಮೆ 30 ಮೀಟರಿನಲ್ಲಿ, ಒಮ್ಮೆ 27ರಲ್ಲಿ ಕಂಡರೆ ದೋಷ ಪರೀಕ್ಷೆಯದ್ದು. ಗಡಿಯಾರದ ವೇಗಕ್ಕೆ ಓಡಿಸುವ ಬದಲು, ಒಂದು ಸುತ್ತಿನ ಲೆಕ್ಕ ಮುಗಿದ ಮೇಲೆಯೇ ಮುಂದಿನದನ್ನು ಕೊಟ್ಟರೆ ಅದು ಸರಿಹೋಗುತ್ತದೆ.

ಪರೀಕ್ಷೆಗೆ ಸರಿಯುತ್ತರವೂ ಬೇಕು: ‘ಆಟೋ ಇಲ್ಲಿದೆ’ ಎಂದು ಮೊದಲು ಗುರುತು ಹಾಕಬೇಕಾದವರು ಮನುಷ್ಯರೇ. ಹೈದರಾಬಾದ್ ಮತ್ತು ಬೆಂಗಳೂರಿನ ರಸ್ತೆಗಳಿಂದ ಐಐಐಟಿ ಹೈದರಾಬಾದ್ ಸಿದ್ಧಪಡಿಸಿದ ಇಂಡಿಯಾ ಡ್ರೈವಿಂಗ್ ಡೇಟಾಸೆಟ್‌ನಲ್ಲಿ 182 ಓಟಗಳಿಂದ ಆಯ್ದು ಹೀಗೆ ಗುರುತು ಹಾಕಿದ ಚಿತ್ರಗಳು 10,004. ನಮ್ಮ ಒಂದು ಸಂಜೆಯ ಒಂದು ಕ್ಯಾಮೆರಾ ಅದರ ಏಳು ಪಟ್ಟು ಚಿತ್ರ ತೆಗೆದಿತ್ತು!

ಇನ್ನೊಂದು ಮಿತಿಯಿದೆ. ಹೊಸ ಕೋಡ್ ‘ಬ್ರೇಕ್ ಹಾಕು’ ಎಂದರೂ ಫೈಲಿನಲ್ಲಿರುವ ಕಾರು ನಿಲ್ಲುವುದಿಲ್ಲ, ಮುಂದಿನ ಆಟೋ ಪಕ್ಕಕ್ಕೆ ಸರಿಯುವುದಿಲ್ಲ. ನಡೆದುಹೋದ ಸಂಜೆ ಯಾರ ಮಾತೂ ಕೇಳದು. ಆದ್ದರಿಂದ ಕಣ್ಣು ಸರಿಯಿದೆಯೇ ಎಂದು ತಿಳಿಯಲು ಬ್ಯಾಗ್ ಫೈಲ್ ಸಾಕು. ಕಾಲು ಸರಿಯಿದೆಯೇ ಎಂದು ತಿಳಿಯಲು ಸಿಮ್ಯುಲೇಟರ್ ಬೇಕು, ಕೊನೆಗೆ ಹಳೇ ಮದ್ರಾಸ್ ರಸ್ತೆಯೇ ಬೇಕು.