ನಿವೃತ್ತಿ ವಯಸ್ಸು ಹೆಚ್ಚಿದರೆ ಯಾರಿಗೆ ಲಾಭ? ಯಾರಿಗೆ ಕಷ್ಟ?

ಸರ್ಕಾರಿ ನೌಕರರು ಒಂದು ವಯಸ್ಸಿಗೆ ಕೆಲಸ ಬಿಡಲೇಬೇಕು. ಇದಕ್ಕೆ ನಿವೃತ್ತಿ ಅಂತಾರೆ. ಊರಲ್ಲಿ ಜನ ‘ರಿಟೈರ್ ಆದ್ರು’ ಅಂತಾರೆ. ಈ ವಯಸ್ಸನ್ನು ಕಾಯಿದೆ, ನಿಯಮ ಗೊತ್ತುಮಾಡುತ್ತವೆ.

ಮೊದಲು ನಮ್ಮ ರಾಜ್ಯದ ನೌಕರರಿಗೆ ಇದು 58 ಇತ್ತು. 2008ರಲ್ಲಿ ಸರ್ಕಾರ ಅದನ್ನು 60 ಮಾಡಿತು. ಕೇಂದ್ರ ಸರ್ಕಾರ ತನ್ನ ನೌಕರರಿಗೆ 1998ರಲ್ಲೇ 60 ಮಾಡಿತ್ತು. ಇನ್ನೂ ಹೆಚ್ಚಿಸಿ ಅನ್ನುವವರಿದ್ದಾರೆ, ಬೇಡ ಅನ್ನುವವರೂ ಇದ್ದಾರೆ. ಈ ಪಾಠ ಬರೆದ ನಾವು ಶಾಲೆ ಮೇಷ್ಟ್ರುಗಳು. ಈ ನಿಯಮ ನಮಗೂ ಸೇರಿದ್ದೇ. ಆದರೂ ಎರಡೂ ಕಡೆಯ ಮಾತನ್ನು ನೋಡೋಣ.

ಒಂದು ಕುರ್ಚಿಯ ಲೆಕ್ಕ

ತಾಲೂಕು ಕಚೇರಿಯಲ್ಲಿ ಒಬ್ಬ ಗುಮಾಸ್ತರು ಇದ್ದರು ಅಂತ ಇಟ್ಟುಕೊಳ್ಳಿ. ಅವರು ಹುಟ್ಟಿದ್ದು 1950ರ ಡಿಸೆಂಬರ್ 20. ಹುಟ್ಟಿದ ತಿಂಗಳ ಕೊನೆಯ ದಿನ ನಿವೃತ್ತಿ. ಹಳೇ ನಿಯಮ ಇದ್ದಿದ್ದರೆ 2008ರ ಡಿಸೆಂಬರ್ 31ಕ್ಕೆ ಮನೆಗೆ ಹೋಗುತ್ತಿದ್ದರು. ಹೊಸ ನಿಯಮದಿಂದ 2010ರ ಡಿಸೆಂಬರ್ 31ರವರೆಗೆ ಉಳಿದರು.

ಅವರಿಗೆ ಎರಡು ವರ್ಷ ಪೂರ್ತಿ ಸಂಬಳ ಬಂತು. ಪಿಂಚಣಿ ಸಂಬಳಕ್ಕಿಂತ ಕಡಿಮೆ ಅಲ್ಲವೇ? ಮಗಳ ಮದುವೆಯೋ ಮನೆ ಸಾಲವೋ ಬಾಕಿ ಇದ್ದರೆ ಇದು ದೊಡ್ಡ ಆಸರೆ. ಕಚೇರಿಗೂ ಅನುಕೂಲ ಆಯಿತು. ಯಾವ ಕಡತ ಎಲ್ಲಿದೆ, ಯಾವ ಪಹಣಿಯಲ್ಲಿ ಏನು ತಕರಾರು ಅಂತ ಅವರಿಗೆ ಬಾಯಿಪಾಠ. ಸರ್ಕಾರಕ್ಕೂ ಆ ಎರಡು ವರ್ಷ ಖರ್ಚು ಉಳಿಯಿತು. ಅವರು ಹೋಗಿದ್ದರೆ ಅವರಿಗೆ ಪಿಂಚಣಿ, ಹೊಸಬರಿಗೆ ಸಂಬಳ ಎರಡನ್ನೂ ಕೊಡಬೇಕಿತ್ತು.

ಈಗ ಬಾಗಿಲ ಹೊರಗೆ ಕಾದವನನ್ನು ನೋಡೋಣ. 2008ರಲ್ಲಿ ಅವನಿಗೆ 34 ವರ್ಷ. ಆ ಕೆಲಸಕ್ಕೆ ಅರ್ಜಿ ಹಾಕಲು 35 ದಾಟಿರಬಾರದು ಅಂತ ಇಟ್ಟುಕೊಳ್ಳಿ. ಕುರ್ಚಿ ಖಾಲಿ ಆದಾಗ ಅವನಿಗೆ 36. ಕುರ್ಚಿ ಎಲ್ಲೂ ಹೋಗಲಿಲ್ಲ, ಎರಡು ವರ್ಷ ತಡ ಆಯಿತು ಅಷ್ಟೆ. ಚಿಕ್ಕವರು ಕಾದು ಪಡೆಯಬಹುದು. ಆದರೆ ವಯಸ್ಸಿನ ಅಂಚಿನಲ್ಲಿ ಇದ್ದವನಿಗೆ ಅದು ಕೈತಪ್ಪಿಯೇ ಹೋಯಿತು. ಅದಕ್ಕೇ ನಿವೃತ್ತಿ ವಯಸ್ಸು ಹೆಚ್ಚಿಸುವಾಗ ಅರ್ಜಿಯ ವಯಸ್ಸನ್ನೂ ಸಡಿಲಿಸಿ ಅಂತ ಯುವಕರು ಕೇಳುತ್ತಾರೆ. ಇದು ನ್ಯಾಯವಾದ ಮಾತು.

ಎಲ್ಲ ಕೆಲಸವೂ ಒಂದೇ ಅಲ್ಲ

ಗುಮಾಸ್ತರು ಕೂತು ಬರೆಯುತ್ತಾರೆ. ಕನ್ನಡಕ ಹಾಕಿಕೊಂಡರೆ 62ರಲ್ಲೂ ಬರೆಯಬಹುದು. ವೈದ್ಯರಿಗೆ ವಯಸ್ಸಾದಷ್ಟೂ ಅನುಭವ ಹೆಚ್ಚು.

ಲೈನ್‌ಮನ್ ಕೆಲಸ ಹಾಗಲ್ಲ. ಮಳೆ ರಾತ್ರಿಯಲ್ಲಿ ಕಂಬ ಹತ್ತಬೇಕು. ಮಂಡಿ ನಡುಗಿದರೆ ಜೀವಕ್ಕೇ ಅಪಾಯ. ಬಸ್ ಡ್ರೈವರ್‌ಗೆ ಕಣ್ಣು ಮಂಜಾದರೆ ಅವರೊಬ್ಬರಿಗಲ್ಲ, ಬಸ್ಸಿನಲ್ಲಿ ಕೂತ ಎಲ್ಲರಿಗೂ ಅಪಾಯ. ಪೌರಕಾರ್ಮಿಕರು ಬೆಳಗಿನ ಜಾವದಿಂದ ಸೊಂಟ ಬಗ್ಗಿಸಿ ಗುಡಿಸುತ್ತಾರೆ. ಧೂಳು ಎದೆಗೆ ಸೇರುತ್ತದೆ. ಇವರಿಗೆ ‘ಇನ್ನೂ ಎರಡು ವರ್ಷ’ ಅಂದರೆ ಅದು ವರವೋ, ಶಿಕ್ಷೆಯೋ?

ಬೇಗ ಬಿಡಬೇಕು ಅಂದರೆ ಸ್ವಯಂ ನಿವೃತ್ತಿ ಇದೆ. ಆದರೆ ಸೇವೆಯ ವರ್ಷ ಕಡಿಮೆ ಆದರೆ ಪಿಂಚಣಿಯೂ ಕಡಿಮೆ ಆಗಬಹುದು. ಹಾಗಾಗಿ ಮೈ ನೋಯುತ್ತಿದ್ದರೂ ಬಡವರು ಬಿಡಲು ಹಿಂಜರಿಯುತ್ತಾರೆ. ಇಂಥ ಕೆಲಸಗಳಲ್ಲಿ ವಯಸ್ಸು ಹೆಚ್ಚಿಸುವುದಾದರೆ ಜೊತೆಗೆ ಇನ್ನೊಂದು ಏರ್ಪಾಡು ಬೇಕು. ಲೈನ್‌ಮನ್‌ಗೆ ಕಂಬದ ಬದಲು ಉಗ್ರಾಣದ ಕೆಲಸ, ಡ್ರೈವರ್‌ಗೆ ಡಿಪೋದಲ್ಲಿ ಕೆಲಸ ಕೊಡಬೇಕು. ಸಂಬಳ ಇಳಿಸಬಾರದು.

ನಿವೃತ್ತಿಯೇ ಇಲ್ಲದವರು

ರಾತ್ರಿ ಕಲಿಕಾ ಕೇಂದ್ರದಲ್ಲಿ ಈ ಪಾಠ ಮಾಡುವಾಗ ಒಬ್ಬ ಅಜ್ಜಿ ನಮ್ಮನ್ನು ಕೇಳಿದರು: “ಮೇಷ್ಟ್ರೇ, ಕಳೆ ಕೀಳೋರಿಗೆ ಎಷ್ಟು ವರ್ಷಕ್ಕಪ್ಪಾ ರಿಟೈರು?” ನಮಗೆ ತಕ್ಷಣ ಉತ್ತರ ತೋಚಲಿಲ್ಲ.

ಕೂಲಿಯವರಿಗೆ, ಸಣ್ಣ ರೈತರಿಗೆ ನಿವೃತ್ತಿ ವಯಸ್ಸೇ ಇಲ್ಲ. ಕೈಕಾಲು ಆಡುವವರೆಗೆ ದುಡಿಮೆ. ಅವರಿಗೆ ಮುಖ್ಯವಾದ ವಯಸ್ಸು ಬೇರೆ. ಅದು ವೃದ್ಧಾಪ್ಯ ಪಿಂಚಣಿ ಶುರುವಾಗುವ ವಯಸ್ಸು. ಬಡತನ ರೇಖೆಗಿಂತ ಕೆಳಗಿನವರ ಇಂದಿರಾ ಗಾಂಧಿ ವೃದ್ಧಾಪ್ಯ ಪಿಂಚಣಿಗೆ ಮೊದಲು 65 ಆಗಬೇಕಿತ್ತು. 2011ರಲ್ಲಿ ಅದನ್ನು 60ಕ್ಕೆ ಇಳಿಸಿದರು.

ನೋಡಿದಿರಾ? ಕಚೇರಿಯವರಿಗೆ ವಯಸ್ಸು ಏರಿದರೆ ಲಾಭ. ಕೂಲಿಯವರಿಗೆ ವಯಸ್ಸು ಇಳಿದರೆ ಲಾಭ. ಹಾಗಾಗಿ ‘ಜನರ ಆಯಸ್ಸು ಹೆಚ್ಚಿದೆ, ಎಲ್ಲರಿಗೂ ವಯಸ್ಸು ಹೆಚ್ಚಿಸಿ’ ಅಂತ ಯಾರಾದರೂ ಹೇಳಿದರೆ ನಾವು ಕೇಳಬೇಕು: ಯಾವ ಕೆಲಸದವರಿಗೆ?

ಮಾತಾಡೋಣ

1. ನಿಮ್ಮ ಮನೆಯಲ್ಲಿ 60 ದಾಟಿದವರು ಯಾವ ಕೆಲಸ ಮಾಡುತ್ತಾರೆ?
2. ಲೈನ್‌ಮನ್‌ಗೂ ಗುಮಾಸ್ತರಿಗೂ ಒಂದೇ ನಿವೃತ್ತಿ ವಯಸ್ಸು ಸರಿಯೇ? ಯಾಕೆ?
3. ನಿಮ್ಮ ಹುಟ್ಟಿದ ವರ್ಷಕ್ಕೆ 60 ಕೂಡಿಸಿ. ಬಂದ ವರ್ಷವನ್ನು ಬರೆಯಿರಿ.