ಕೋಚಿಂಗ್‌ಗೆ ಫೀಸು ಕಟ್ಟೋ ಮುಂಚೆ ಈ ಮೂರು ಪರೀಕ್ಷೆ ಮಾಡಿ ನೋಡಿ

ಗಂಗಾವತಿ: ಪೊಲೀಸ್ ಕಾನ್‌ಸ್ಟೇಬಲ್, ಎಸ್‌ಡಿಎ, ಎಫ್‌ಡಿಎ, ಪಿಡಿಒ ಅಂತ ಹುಡುಗ್ರು ಕೋಚಿಂಗ್ ಸೇರ್ತಾರೆ. ಸೆಂಟರ್ ಮುಂದಿನ ಬ್ಯಾನರ್‌ನಲ್ಲಿ ಆಯ್ಕೆಯಾದವರ ಫೋಟೊ ಇರುತ್ತೆ. ಆದರೆ ಅವರು ಪೂರ್ತಿ ಕ್ಲಾಸಿಗೆ ಬಂದವರೋ, ಬರೀ ಟೆಸ್ಟ್ ಬರೆದವರೋ ಅನ್ನೋದು ಫೋಟೊದಿಂದ ಗೊತ್ತಾಗಲ್ಲ. ಫೀಸು ಕಟ್ಟೋ ಮುಂಚೆ ಮೂರು ವಿಷಯ ನೋಡಿದರೆ ಕ್ಲಾಸಿನ ಗುಣಮಟ್ಟ ಅಂದಾಜಾಗುತ್ತದೆ.

ಪಾಠ ಹೇಗಿದೆ?

ಡೆಮೊ ಕ್ಲಾಸ್ ಎಲ್ಲರೂ ಚೆನ್ನಾಗೇ ಮಾಡ್ತಾರೆ. ಅದರ ಬದಲು ನಡೀತಿರೋ ಬ್ಯಾಚ್‌ನಲ್ಲಿ ಒಂದು ದಿನ ಕೂರಲು ಅವಕಾಶ ಕೇಳಬೇಕು. ಅಲ್ಲಿನ ನೋಟ್ಸ್‌ನಲ್ಲಿ 371(ಜೆ) ಪುಟ ತೆಗೆದು ನೋಡಿ. "ಆರು ಜಿಲ್ಲೆಗಳು" ಅಂತಷ್ಟೇ ಇದ್ದರೆ ನೋಟ್ಸ್ ಹಳೆಯದು. 2021ರಲ್ಲಿ ಬಳ್ಳಾರಿಯಿಂದ ವಿಜಯನಗರ ಬೇರೆಯಾದ ಮೇಲೆ ಕಲ್ಯಾಣ ಕರ್ನಾಟಕದಲ್ಲಿ ಏಳು ಜಿಲ್ಲೆಗಳಿವೆ. ನಮ್ಮ ಕೊಪ್ಪಳಕ್ಕೇ ಸೇರಿದ ವಿಷಯ ತಿದ್ದದವರು ಉಳಿದದ್ದನ್ನ ತಿದ್ದಿರ್ತಾರಾ?

ಟೆಸ್ಟ್ ಸಿರೀಸ್

ಎಷ್ಟು ಟೆಸ್ಟ್ ಅನ್ನೋದಕ್ಕಿಂತ ಟೆಸ್ಟ್ ಆದ ಮೇಲೆ ಏನು ಕೊಡ್ತಾರೆ ಅನ್ನೋದು ಮುಖ್ಯ. ತಪ್ಪು ಉತ್ತರಕ್ಕೆ ಕಾಲು ಅಂಕ ಕಳೆಯುವ, 100 ಪ್ರಶ್ನೆಗಳ ಪತ್ರಿಕೆ ತಗೊಳ್ಳಿ. ಒಬ್ಬ 90 ಪ್ರಶ್ನೆ ಬರೆದು 60 ಸರಿ, 30 ತಪ್ಪು ಮಾಡಿದರೆ ಏಳೂವರೆ ಅಂಕ ಹೋಗಿ 52.5 ಉಳಿಯುತ್ತೆ. ಇನ್ನೊಬ್ಬ 70 ಬರೆದು 58 ಸರಿ, 12 ತಪ್ಪು ಮಾಡಿದರೆ 3 ಅಂಕ ಮಾತ್ರ ಹೋಗಿ 55 ಸಿಗುತ್ತೆ. ಸರಿ ಉತ್ತರ ಕಡಿಮೆ ಇದ್ದರೂ ಎರಡನೆಯವನೇ ಮುಂದೆ. ಬರೀ ರ‍್ಯಾಂಕ್ ಪಟ್ಟಿ ಅಂಟಿಸಿದರೆ ಇದು ಮೊದಲನೆಯವನಿಗೆ ತಿಳಿಯಲ್ಲ. ಸರಿ, ತಪ್ಪು, ಬಿಟ್ಟದ್ದು ಅಂತ ಬೇರೆ ಬೇರೆ ತೋರಿಸಿ, ಮರುದಿನ ಪತ್ರಿಕೆ ಬಿಡಿಸಿ ಹೇಳಬೇಕು.

ಕೀ ಉತ್ತರ ತಪ್ಪಿದ್ದಾಗ ಏನ್ ಮಾಡ್ತಾರೆ ಅಂತಲೂ ಹಳೆ ವಿದ್ಯಾರ್ಥಿಗಳನ್ನ ಕೇಳಿ. ಸರ್ಕಾರಿ ಪರೀಕ್ಷೆಯಲ್ಲೇ ಕೀ ಪ್ರಕಟಿಸಿ ಆಕ್ಷೇಪಣೆ ಕರೀತಾರೆ. ಕ್ಲಾಸಿನವರು ಪುಸ್ತಕ ತೋರಿಸಿ ತಿದ್ದಿದರೆ ಒಳ್ಳೇದು, "ನಾವು ಕೊಟ್ಟಿದ್ದೇ ಸರಿ" ಅಂದ್ರೆ ಯೋಚಿಸಬೇಕು.

ಡೌಟ್ ಕೇಳಿದರೆ?

₹800ಕ್ಕೆ ತಂದ ಅಕ್ಕಿ ಚೀಲವನ್ನ ₹1,000ಕ್ಕೆ ಮಾರಿದರೆ ಲಾಭ ಶೇಕಡಾ ಎಷ್ಟು? ವಿದ್ಯಾರ್ಥಿ 20 ಅಂದ ಅಂತಿಟ್ಟುಕೊಳ್ಳಿ. "ತಪ್ಪು, 25" ಅಂತ ವಾಟ್ಸಾಪ್ ಗ್ರೂಪ್‌ನಲ್ಲಿ ಹಾಕಿದರೆ ಡೌಟ್ ಹೋಗಲ್ಲ. ಲಾಭದ ₹200ನ್ನ ಮಾರಿದ ಬೆಲೆಗೆ ಭಾಗಿಸಿದ್ದೀಯಾ, ಕೊಂಡ ಬೆಲೆಗೆ ಭಾಗಿಸಬೇಕು ಅಂತ ತಪ್ಪಿದ ಜಾಗ ಹಿಡಿದು ಹೇಳೋರೇ ನಿಜವಾದ ಮೇಷ್ಟ್ರು. ದೊಡ್ಡ ಬ್ಯಾಚ್‌ನಲ್ಲಿ ಇದು ಕಷ್ಟ. ಹಾಗಾಗಿ ಡೌಟ್‌ಗೆ ದಿನದಲ್ಲಿ ಯಾವ ಹೊತ್ತು, ಯಾರು ಕೂರ್ತಾರೆ ಅಂತ ಕೇಳಿ. ಹೇಳಿದ ಹೊತ್ತಿಗೇ ಒಮ್ಮೆ ಹೋಗಿ ನೋಡಿ.

ಈ ಮೂರರಲ್ಲಿ ಎರಡು ಸರಿ ಇಲ್ಲದಿದ್ದರೆ, ರಿಯಾಯಿತಿ ಎಷ್ಟೇ ಕೊಟ್ಟರೂ ಪೂರ್ತಿ ಫೀಸು ಒಂದೇ ಸಲ ಕಟ್ಟಬಾರದು. ಕಂತಿನಲ್ಲಿ ಕಟ್ಟಿ, ಪ್ರತಿ ಸಲವೂ ರಸೀದಿ ಪಡೆಯಬೇಕು.